ಕ್ರಮ ತಪ್ಪಿಸಿ ಓದಿದರೆ ಏನು ಹೋಗುತ್ತದೆ?

“ನಾನು ಕಥಾಸಂಕಲನವನ್ನು ಇಷ್ಟ ಬಂದ ಕಡೆಯಿಂದ ಓದುವವನು. ಆದರೆ ಜಾಯ್ಸ್‌ನ ‘ಡಬ್ಲಿನರ್ಸ್’ ಅನ್ನು ಮೊದಲಿಂದಲೇ ಓದು ಅಂತಾರೆ. ಪಾತ್ರಗಳೇ ಬೇರೆ ಬೇರೆ ಇರುವಾಗ ಕ್ರಮ ಯಾಕೆ ಬೇಕು?”

ನಾನೂ ಮೊದಲ ಸಲ ಅದನ್ನು ಹಿಂದುಮುಂದಾಗಿಯೇ ಓದಿದ್ದೆ. ಕಥೆಗಳು ಚೆನ್ನಾಗಿಯೇ ಇದ್ದವು. ಆದರೆ ಎರಡು ಕಥೆಗಳ ನಡುವೆ ನಡೆಯುವುದು ನನ್ನ ಕೈಗೆ ಸಿಕ್ಕಿರಲಿಲ್ಲ.

ಎಂಟು ಮತ್ತು ಒಂಬತ್ತನೆಯ ಕಥೆ ನೋಡಿ. ‘ಅ ಲಿಟಲ್ ಕ್ಲೌಡ್’ನ ಚಾಂಡ್ಲರ್ ಒಬ್ಬ ಗುಮಾಸ್ತ. ನಾಜೂಕಿನ ಮನುಷ್ಯ, ಕವಿಯಾಗುವ ಆಸೆ. ಲಂಡನ್ನಿನಿಂದ ಬಂದ ಹಳೆಯ ಗೆಳೆಯನ ಜೊತೆ ಕುಡಿದು, ಅವನ ಬಡಾಯಿ ಕೇಳಿ, ಹೊಟ್ಟೆ ಉರಿಸಿಕೊಂಡು ಮನೆಗೆ ಬರುತ್ತಾನೆ. ಹೆಂಡತಿ ಟೀ ಪುಡಿ ತರಲು ಹೋಗಿದ್ದಾಳೆ. ಎತ್ತಿಕೊಂಡ ಮಗು ಅಳುತ್ತದೆ. ಅದರ ಮುಖಕ್ಕೇ ಬಗ್ಗಿ ಕಿರುಚುತ್ತಾನೆ. ಮಗು ಉಸಿರುಗಟ್ಟುವಂತೆ ಅಳುತ್ತದೆ, ಕೊನೆಗೆ ಇವನ ಕಣ್ಣಲ್ಲೂ ನೀರು. ಪಾಪ ಅನ್ನಿಸುತ್ತದೆ.

ಪುಟ ತಿರುಗಿಸಿದರೆ ‘ಕೌಂಟರ್‌ಪಾರ್ಟ್ಸ್’. ಫ್ಯಾರಿಂಗ್ಟನ್ ಕೂಡ ಗುಮಾಸ್ತನೇ, ಆದರೆ ದಾಂಡಿಗ. ಆಫೀಸಿನಲ್ಲಿ ಬೈಸಿಕೊಂಡು, ಗಡಿಯಾರ ಅಡವಿಟ್ಟು ಕುಡಿದು, ತೋಳ್ಬಲದ ಪಂದ್ಯದಲ್ಲೂ ಸೋತು ಮನೆಗೆ ಬರುತ್ತಾನೆ. ಇಲ್ಲೂ ಹೆಂಡತಿ ಇಲ್ಲ, ಚರ್ಚಿಗೆ ಹೋಗಿದ್ದಾಳೆ. ಒಲೆ ಆರಿದೆ ಅನ್ನುವ ನೆಪದಲ್ಲಿ ಪುಟ್ಟ ಮಗನಿಗೆ ಕೋಲಿನಿಂದ ಬಾರಿಸುತ್ತಾನೆ. ನಿನಗಾಗಿ ಪ್ರಾರ್ಥನೆ ಹೇಳ್ತೀನಪ್ಪ, ಹೊಡೀಬೇಡ ಅಂತ ಹುಡುಗ ಗೋಗರೆಯುತ್ತಾನೆ. ಇಲ್ಲಿ ಪಶ್ಚಾತ್ತಾಪ ಇಲ್ಲ.

ಈಗ ಚಾಂಡ್ಲರ್‌ನ ಕಣ್ಣೀರನ್ನು ಮತ್ತೆ ನೆನೆಸಿಕೊಳ್ಳಿ. ಅದು ಅಷ್ಟು ಸಾಚಾ ಅನ್ನಿಸುವುದಿಲ್ಲ, ಅಲ್ವಾ? ಇದು ಆಕಸ್ಮಿಕವೂ ಅಲ್ಲ. ‘ಕೌಂಟರ್‌ಪಾರ್ಟ್ಸ್’ ಬರೆದದ್ದು 1905ರಲ್ಲಿ. ‘ಅ ಲಿಟಲ್ ಕ್ಲೌಡ್’ ಬಂದದ್ದು 1906ರಲ್ಲಿ. ಆಮೇಲೆ ಬರೆದದ್ದನ್ನು ಜಾಯ್ಸ್ ಮುಂದೆ ತಂದು ಕೂರಿಸಿದ. ಹಿಂದುಮುಂದಾಗಿದ್ದರೆ ಚಾಂಡ್ಲರ್ ಫ್ಯಾರಿಂಗ್ಟನ್‌ನಿಗಿಂತ ಎಷ್ಟೋ ವಾಸಿ ಅಂತ ನಾವು ಸಮಾಧಾನ ಪಟ್ಟುಕೊಳ್ಳುತ್ತಿದ್ದೆವು. ಈ ಕ್ರಮದಲ್ಲಿ ಆ ಸಮಾಧಾನ ಸಿಗುವುದಿಲ್ಲ.

ಕೊನೆಯೂ ಹೀಗೆಯೇ ಬದಲಾಯಿತು. 1905ರಲ್ಲಿ ಪ್ರಕಾಶಕರಿಗೆ ಕಳಿಸಿದ್ದು 12 ಕಥೆ. ಮೊದಲನೆಯದು ‘ದಿ ಸಿಸ್ಟರ್ಸ್’, ಪಾರ್ಶ್ವವಾಯು ಬಡಿದು ಸತ್ತ ಪಾದ್ರಿಯ ಕಥೆ. ಕೊನೆಯದು ‘ಗ್ರೇಸ್’. ಅದರಲ್ಲಿ ಇನ್ನೊಬ್ಬ ಪಾದ್ರಿ ವ್ಯಾಪಾರಿಗಳಿಗೆ, ದೇವರ ಮುಂದೆ ಲೆಕ್ಕ ಸರಿಮಾಡಿಕೊಳ್ಳಿ ಎಂದು ಖಾತೆ ಪುಸ್ತಕದ ಭಾಷೆಯಲ್ಲಿ ಬೋಧಿಸುತ್ತಾನೆ. ಅಲ್ಲಿಗೇ ನಿಂತಿದ್ದರೆ ಪುಸ್ತಕ ಒಂದು ಕಹಿ ನಗೆಯಲ್ಲಿ ಮುಗಿಯುತ್ತಿತ್ತು. 1907ರಲ್ಲಿ ಅವನು ‘ದಿ ಡೆಡ್’ ಬರೆದು ಕೊನೆಗೆ ಇಟ್ಟ. ಅಲ್ಲಿ ಹಿಮ ಬದುಕಿರುವವರ ಮೇಲೂ ಸತ್ತವರ ಮೇಲೂ ಒಂದೇ ಸಮ ಬೀಳುತ್ತದೆ. ಅಲ್ಲಿಯವರೆಗೆ ನಾವು ಗೇಲಿ ಮಾಡಿಕೊಂಡು ಬಂದವರ ಮೇಲೂ ಅದು ಬಿದ್ದ ಹಾಗಾಗುತ್ತದೆ.

ಎಲ್ಲ ಕಥೆಗೂ ಇಂಥ ಗಟ್ಟಿ ಜೋಡಣೆ ಇದೆ ಅಂತ ನಾನು ಹೇಳಲಾರೆ. ‘ಆಫ್ಟರ್ ದ ರೇಸ್’ ಅನ್ನು ಒಂದೆರಡು ಸ್ಥಾನ ಸರಿಸಿದರೆ ನನಗೆ ಜಾಸ್ತಿ ನಷ್ಟ ಕಾಣುವುದಿಲ್ಲ. ಇನ್ನೊಂದು ಮಜಾ ನೋಡಿ: ಮೊದಲ ಕಥೆಯಲ್ಲಿ ಹೆಣ ಇದೆ, ಹೆಸರು ಅಕ್ಕತಂಗಿಯರದು. ಕೊನೆಯ ಕಥೆಯಲ್ಲಿ ಔತಣ ಕೊಡುವವರು ಅಕ್ಕತಂಗಿಯರು, ಹೆಸರು ಸತ್ತವರದು.