‘ಮೂರು ಮುಟ್ಟು’ ಎಂದು ಬರೆದು ಸಿಕ್ಕಿಬಿದ್ದವನ ಉತ್ತರ

ಪ್ರಶ್ನೆ: ಅರಬ್ಬಿಯ ಒಂದು ಫಿಕ್ಹ್, ಅಂದರೆ ಇಸ್ಲಾಮಿನ ಧರ್ಮಶಾಸ್ತ್ರದ, ಪುಸ್ತಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕನ್ನಡದಲ್ಲಿ ಸರಿಯಾದ ಪದ ಸಿಗದಿದ್ದಾಗ ಮಾತ್ರ ಅರಬ್ಬಿ ಪದ ಉಳಿಸಿ ಅಡಿಟಿಪ್ಪಣಿ ಹಾಕಿದರೆ ಸಾಕಲ್ವಾ? ಝಕಾತ್, ಸದಕಾ ಎರಡಕ್ಕೂ ‘ದಾನ’ ಅಂತ ಬರೆಯಬಹುದಾ?

ಸಾಕಾಗುವುದಿಲ್ಲ. ನಾನೂ ಇದೇ ನಿಯಮ ಇಟ್ಟುಕೊಂಡು ಕೆಲಸ ಶುರು ಮಾಡಿದ್ದೆ. ಕೊನೆಗೆ ನನ್ನನ್ನು ಬೀಳಿಸಿದ ಪದಕ್ಕೆ ಕನ್ನಡದಲ್ಲಿ ಬರಗಾಲವೇನೂ ಇರಲಿಲ್ಲ. ಒಂದು ಕೇಳಿದರೆ ಎರಡು ಸಿಗುತ್ತಿದ್ದವು. ತೊಂದರೆ ಆಗಿದ್ದೇ ಅಲ್ಲಿ.

ಮದುವೆ, ತಲಾಕ್‌ಗಳ ನಿಯಮ ಹೇಳುವ ಒಂದು ಸಣ್ಣ ಪುಸ್ತಕ ಅದು. ಟಿಪ್ಪಣಿ ಜಾಸ್ತಿ ಆದರೆ ಜನ ಓದುವುದಿಲ್ಲ, ಆದಷ್ಟು ಬಿಡಿಸಿ ಬರೆಯಿರಿ ಎಂದು ಪ್ರಕಾಶಕರು ಮೊದಲೇ ಹೇಳಿದ್ದರು. ಸರಿ ಅಂತ ಒಪ್ಪಿಕೊಂಡಿದ್ದೆ. ಇದ್ದತ್‌ನ ಅಧ್ಯಾಯ ಬಂತು. ಅಂದರೆ ತಲಾಕ್ ಆದ ಹೆಂಗಸು ಇನ್ನೊಂದು ಮದುವೆಯಾಗುವ ಮೊದಲು ಕಾಯಬೇಕಾದ ಅವಧಿ. ಇದಕ್ಕೆ ಆಧಾರ ಕುರ್‌ಆನಿನ 2ನೇ ಅಧ್ಯಾಯದ 228ನೇ ವಚನ. ತಲಾಕ್ ಆದವರು ಮೂರು ‘ಕುರೂಅ’ ಕಾಯಬೇಕು ಎಂದು ಅಲ್ಲಿದೆ. ನಿಘಂಟು ತೆಗೆದೆ. ಮೊದಲ ಅರ್ಥ ಮುಟ್ಟು. ‘ಮೂರು ಮುಟ್ಟು ಕಾಯಬೇಕು’ ಎಂದು ಬರೆದೆ. ಎಷ್ಟು ಚೆನ್ನಾಗಿ ಕೂತಿತು ಗೊತ್ತಾ? ಟಿಪ್ಪಣಿ ಬೇಡ, ಆವರಣ ಬೇಡ, ಯಾರಿಗಾದರೂ ಅರ್ಥವಾಗುವ ಕನ್ನಡ. ಆ ದಿನ ನನಗೆ ನನ್ನ ಮೇಲೇ ಅಭಿಮಾನ ಬಂದಿತ್ತು.

ನಿಘಂಟಿನಲ್ಲಿ ಅದೇ ಪದಕ್ಕೆ ಎರಡನೇ ಅರ್ಥವೂ ಇತ್ತು: ಎರಡು ಮುಟ್ಟಿನ ನಡುವಿನ ಶುದ್ಧಿಯ ದಿನಗಳು. ಒಂದೇ ಪದ, ತದ್ವಿರುದ್ಧ ಅರ್ಥ. ಅರಬ್ಬಿಯಲ್ಲಿ ಇಂಥ ಪದಗಳಿಗೆ ‘ಅದ್ದಾದ್’ ಎನ್ನುತ್ತಾರೆ. ಅವನ್ನೇ ಹೆಕ್ಕಿ ಹಳೆಯ ಭಾಷಾ ಪಂಡಿತರು ಪ್ರತ್ಯೇಕ ಪುಸ್ತಕಗಳನ್ನು ಬರೆದಿದ್ದಾರೆ. ನಾನು ಎರಡನೇ ಅರ್ಥವನ್ನೂ ಓದಿದ್ದೆ. ಓದಿ, ಇಲ್ಲಿಗೆ ಮೊದಲನೆಯದೇ ಸರಿ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ.

ಇಪ್ಪತ್ತು ಪುಟ ದಾಟಿದ ಮೇಲೆ ಲೇಖಕರು ಅದೇ ಪದವನ್ನು ಹಿಡಿದು ಚರ್ಚೆಗೆ ಕೂತರು. ಹನಫಿ ಪಂಥದವರ ಪ್ರಕಾರ ಕುರೂಅ ಎಂದರೆ ಮುಟ್ಟು. ಶಾಫಿಈ ಮತ್ತು ಮಾಲಿಕಿ ಪಂಥದವರ ಪ್ರಕಾರ ಶುದ್ಧಿಯ ಅವಧಿ. ಸುಮ್ನೆ ಪಂಡಿತರ ಜಗಳ ಅಂದುಕೊಳ್ಳಬೇಡಿ, ದಿನದ ಲೆಕ್ಕವೇ ಬದಲಾಗುತ್ತದೆ. ಒಬ್ಬ ಹೆಂಗಸಿಗೆ ಶುದ್ಧಿಯ ದಿನಗಳಲ್ಲಿ ತಲಾಕ್ ಆಯಿತು ಎಂದುಕೊಳ್ಳಿ. ಅದು 1ನೇ ದಿನ. 10ನೇ ದಿನ ಮುಟ್ಟು ಶುರುವಾಗುತ್ತದೆ, 6 ದಿನ ಇರುತ್ತದೆ, 28 ದಿನಕ್ಕೊಮ್ಮೆ ಬರುತ್ತದೆ. ಹಾಗಾದರೆ ಎರಡನೇ ಮುಟ್ಟು 38ನೇ ದಿನ ಶುರು, ಮೂರನೆಯದು 66ನೇ ದಿನ ಶುರು, 71ನೇ ದಿನ ಮುಗಿಯುತ್ತದೆ. ಶಾಫಿಈ ಲೆಕ್ಕದಲ್ಲಿ ತಲಾಕ್ ಆದಾಗ ಉಳಿದಿದ್ದ ಶುದ್ಧಿಯ ದಿನಗಳೇ ಒಂದು ಕುರೂಅ. ಆಮೇಲೆ ಇನ್ನೆರಡು. ಹಾಗಾಗಿ 66ನೇ ದಿನ ಮುಟ್ಟು ಕಂಡ ಕೂಡಲೇ ಇದ್ದತ್ ಮುಗಿಯಿತು. ಹನಫಿ ಲೆಕ್ಕದಲ್ಲಿ ಮೂರು ಮುಟ್ಟೂ ಪೂರ್ತಿ ಆಗಬೇಕು, ಅಂದರೆ 71ನೇ ದಿನ ಕಳೆಯಬೇಕು. ಮೊದಲ ಅಥವಾ ಎರಡನೇ ತಲಾಕ್ ಆಗಿದ್ದರೆ, ಇದ್ದತ್ ಒಳಗೆ ಗಂಡ ಹೊಸ ನಿಕಾಹ್ ಇಲ್ಲದೆ ಅವಳನ್ನು ವಾಪಸ್ ಕರೆದುಕೊಳ್ಳಬಹುದು. ಈ ಐದಾರು ದಿನ ಒಂದು ಪಂಥದಲ್ಲಿ ಅವಳು ಇನ್ನೂ ಕಟ್ಟಿನಲ್ಲಿದ್ದಾಳೆ, ಇನ್ನೊಂದರಲ್ಲಿ ಬಿಡುಗಡೆಯಾಗಿದ್ದಾಳೆ.

ಈಗ ನನ್ನ ಅನುವಾದ ನೋಡಿ. ಮೊದಲು ‘ಮೂರು ಮುಟ್ಟು ಕಾಯಬೇಕು ಎಂದು ಕುರ್‌ಆನ್ ಹೇಳುತ್ತದೆ’ ಎಂದು ಬರೆದಾಗಿದೆ. ಇಪ್ಪತ್ತು ಪುಟದ ನಂತರ ‘ಶಾಫಿಈಗಳ ಪ್ರಕಾರ ಇದು ಮೂರು ಶುದ್ಧಿಯ ಅವಧಿ’ ಎಂದು ಬರೆಯುತ್ತೇನೆ. ಓದುಗನಿಗೆ ಏನು ಅನಿಸುತ್ತದೆ? ಗ್ರಂಥ ಒಂದು ಹೇಳುತ್ತದೆ, ಇವರು ಬೇಕಂತಲೇ ಬೇರೆ ಮಾಡುತ್ತಾರೆ! ಮೂಲದಲ್ಲಿ ಇಬ್ಬರೂ ಒಂದೇ ಪದಕ್ಕೆ ನಿಷ್ಠರಾಗಿದ್ದರು, ಅರ್ಥದಲ್ಲಿ ಮಾತ್ರ ಬೇರೆಯಾಗಿದ್ದರು. ನನ್ನ ಕನ್ನಡದಲ್ಲಿ ಒಂದು ಪಂಥ ವಚನವನ್ನೇ ಮೀರಿದ ಹಾಗೆ ಆಯಿತು. ಅದನ್ನು ಓದುವವರಾದರೂ ಯಾರು? ಕರಾವಳಿಯ ಬ್ಯಾರಿಗಳು, ನವಾಯತರು ಶಾಫಿಈಗಳು. ಘಟ್ಟದ ಮೇಲಿನ ಉರ್ದು ಮಾತಾಡುವವರಲ್ಲಿ ಹೆಚ್ಚಿನವರು ಹನಫಿಗಳು. ಪುಸ್ತಕ ಇಬ್ಬರ ಕೈಗೂ ಹೋಗುತ್ತದೆ.

ಆ ಪುಟ ತಲುಪಿದಾಗಲಾದರೂ ನಾನು ಹಿಂದೆ ಹೋಗಿ ತಿದ್ದಬೇಕಿತ್ತು. ತಿದ್ದಲಿಲ್ಲ. ಹಸ್ತಪ್ರತಿಯ ಮೊದಲ ಭಾಗ ಪುಟ ಜೋಡಣೆಗೆ ಹೋಗಿತ್ತು, ವಾಪಸ್ ಕೇಳಲು ಸಂಕೋಚ. ಅದರ ಬದಲು ಚರ್ಚೆಯ ಭಾಗವನ್ನೇ ಮೆತ್ತಗೆ ಮಾಡಿದೆ. ಅಲ್ಲಿ ಶಾಫಿಈಗಳ ಒಂದು ವ್ಯಾಕರಣದ ವಾದವಿತ್ತು. ಅರಬ್ಬಿಯಲ್ಲಿ ಮೂರರಿಂದ ಹತ್ತರವರೆಗೆ ಎಣಿಸುವಾಗ ಲಿಂಗ ತಿರುಗುಮುರುಗು. ಎಣಿಸುವ ವಸ್ತು ಪುಲ್ಲಿಂಗವಾದರೆ ಸಂಖ್ಯೆಗೆ ಸ್ತ್ರೀಲಿಂಗದ ರೂಪ. ವಚನದಲ್ಲಿ ‘ಮೂರು’ ಆ ರೂಪದಲ್ಲಿದೆ. ಹಾಗಾಗಿ ಎಣಿಸುತ್ತಿರುವುದು ಪುಲ್ಲಿಂಗ ಪದವಾದ ‘ತುಹ್ರ್’, ಅಂದರೆ ಶುದ್ಧಿ. ಸ್ತ್ರೀಲಿಂಗದ ‘ಹೈದಾ’, ಅಂದರೆ ಒಂದು ಸಲದ ಮುಟ್ಟು, ಆಗಲಾರದು. ಹನಫಿಗಳದ್ದು ನೇರ ಉತ್ತರ: ವಚನ ಮೂರು ಎನ್ನುತ್ತದೆ, ನೀವು ಅರ್ಧಂಬರ್ಧ ಉಳಿದ ಶುದ್ಧಿಯನ್ನೂ ಒಂದು ಎಂದು ಎಣಿಸಿದರೆ ಅದು ಮೂರಾಗದೆ ಎರಡು ಚಿಲ್ಲರೆಯಷ್ಟೇ ಆಯಿತಲ್ಲ? ಎಂಥ ಸೊಗಸಾದ ವಾದ, ಪ್ರತಿವಾದ! ‘ಮುಟ್ಟು’ ಎಂಬ ಪದ ಇಟ್ಟುಕೊಂಡು ಇದರಲ್ಲಿ ಒಂದು ಸಾಲೂ ನಿಲ್ಲುವುದಿಲ್ಲ. ಒಂದೂವರೆ ಪುಟವನ್ನು ‘ಈ ಬಗ್ಗೆ ಭಿನ್ನಾಭಿಪ್ರಾಯವಿದೆ’ ಎಂಬ ಒಂದು ಸಾಲಿಗೆ ಇಳಿಸಿದೆ. ನನ್ನ ನಿಜವಾದ ತಪ್ಪು ಇದು. ಪದ ಆರಿಸಿದ್ದು ಎಡವಟ್ಟು. ಅದನ್ನು ಮುಚ್ಚಲು ಲೇಖಕರ ಬಾಯಿ ಮುಚ್ಚಿಸಿದ್ದು ಮೋಸ.

ಪುಸ್ತಕ ಬಂತು. ಕೆಲವೇ ವಾರಗಳಲ್ಲಿ ಹಿರಿಯ ಉಸ್ತಾದರೊಬ್ಬರು ಫೋನ್ ಮಾಡಿದರು. ಬೈಯಲಿಲ್ಲ. “ನಿಮ್ಮನ್ನು ಅನುವಾದ ಮಾಡಿ ಅಂತ ಕೂರಿಸಿದ್ರು, ನೀವು ಫತ್ವಾ ಕೊಟ್ಟಿದ್ದೀರಲ್ಲ ಮಾರಾಯ್ರೆ” ಎಂದರು. ಮಾರದೆ ಉಳಿದ ಪ್ರತಿಗಳಿಗೆ ತಿದ್ದುಪಡಿಯ ಚೀಟಿ ಅಂಟಿಸಿದೆವು. ಅದರ ಖರ್ಚು ನನ್ನ ಸಂಭಾವನೆಯಲ್ಲಿ ಹೋಯಿತು. ಆ ಪ್ರಕಾಶಕರ ಮುಂದಿನ ಪುಸ್ತಕವೂ ನನಗೆ ಬರಲಿಲ್ಲ. ದೂರುವಂತಿಲ್ಲ.

ಅದಕ್ಕೇ ಹೇಳುವುದು, ‘ಕನ್ನಡದಲ್ಲಿ ಪದ ಇದೆಯಾ’ ಎಂಬ ಪ್ರಶ್ನೆಯನ್ನು ಬಿಡಿ. ಈ ಪುಸ್ತಕದಲ್ಲಿ ಎಲ್ಲಾದರೂ ಆ ಪದದ ಬಗ್ಗೆಯೇ ಮಾತು ನಡೆಯುತ್ತದಾ ಎಂದು ನೋಡಿ. ನಡೆದರೆ ಪದ ಉಳಿಯಲೇಬೇಕು, ನಿಮ್ಮ ಬಳಿ ಹತ್ತು ಕನ್ನಡ ಪದ ಇದ್ದರೂ. ಫಿಕ್ಹ್ ಪುಸ್ತಕಗಳಲ್ಲಿ ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ, ಲೇಖಕರೇ ಗುರುತು ಬಿಟ್ಟಿರುತ್ತಾರೆ. ‘ಲುಗತನ್’ ಎಂದು ಪದದ ಭಾಷಾರ್ಥ ಹೇಳಿ, ‘ಶರ್‌ಅನ್’ ಎಂದು ಶಾಸ್ತ್ರಾರ್ಥ ಹೇಳಿದ್ದಾರಾ? ಪದದ ಪಕ್ಕದಲ್ಲಿ ‘ಇಖ್ತಲಫೂ’, ಅಂದರೆ ಭಿನ್ನವಾಗಿ ಹೇಳಿದರು, ಎಂದಿದೆಯಾ? ಒಂದಕ್ಷರ ಅನುವಾದಿಸುವ ಮೊದಲು ಇಡೀ ಪುಸ್ತಕ ಓದಿ ಈ ಗುರುತುಗಳ ಕೆಳಗೆ ಗೆರೆ ಎಳೆಯಿರಿ. ಸಾಲುಸಾಲಾಗಿ ಅನುವಾದ ಮಾಡುತ್ತಾ ಹೋದದ್ದರಿಂದಲೇ ನಾನು ಇಪ್ಪತ್ತು ಪುಟ ತಡವಾಗಿ ಎಚ್ಚೆತ್ತದ್ದು.

ಟಿಪ್ಪಣಿಯಲ್ಲೂ ತೀರ್ಪು ಕೊಡಬಾರದು. ಎರಡನೇ ಮುದ್ರಣಕ್ಕೆ ನಾನು ಬರೆದದ್ದು ಇಷ್ಟೇ: ‘ಕುರೂಅ: ಈ ಪದಕ್ಕೆ ಅರಬ್ಬಿಯಲ್ಲಿ ಮುಟ್ಟು ಎಂದೂ ಎರಡು ಮುಟ್ಟಿನ ನಡುವಿನ ಶುದ್ಧಿಯ ಅವಧಿ ಎಂದೂ ಅರ್ಥವಿದೆ. ಇಲ್ಲಿ ಯಾವುದು ಎಂಬ ಚರ್ಚೆ ಇದೇ ಅಧ್ಯಾಯದ ಕೊನೆಯಲ್ಲಿ ಬರುತ್ತದೆ.’ ಮೊದಲ ಸಲ ಬಂದಲ್ಲಿ ಮಾತ್ರ. ಚರ್ಚೆಯಲ್ಲಿ ‘ಹೈದ್’, ‘ತುಹ್ರ್’ ಬಂದ ಕಡೆಗಳಲ್ಲಿ ಮುಟ್ಟು, ಶುದ್ಧಿ ಎಂದೇ ಬರೆದೆ. ಅವುಗಳ ಅರ್ಥದಲ್ಲಿ ಜಗಳವಿಲ್ಲ. ವ್ಯಾಕರಣದ ಆ ಒಂದು ವಾದದಲ್ಲಿ ಮಾತ್ರ ಅರಬ್ಬಿ ರೂಪ ಬೇಕಾಯಿತು. (ಕರಡಿನಲ್ಲಿ ಒಂದು ಕಡೆ ‘ಮೂರು ಕುರು’ ಎಂದು ಅಚ್ಚಾಗಿತ್ತು. ಮೂರು ಕುರು ಏಳುವವರೆಗೆ ಕಾಯಬೇಕಾ ಎಂದು ಕರಡು ತಿದ್ದುವವರು ಕೇಳಿದ್ದರು. ‘ಊ’ ದೀರ್ಘವನ್ನೂ ಕೊನೆಯ ‘ಅ’ವನ್ನೂ ಬಿಡಬೇಡಿ.)

ಏಟು ತಿಂದ ಮೇಲೆ ನಾನು ಇನ್ನೊಂದು ಕಡೆಗೆ ವಾಲಿದ್ದೂ ಉಂಟು, ಅದನ್ನೂ ಹೇಳಿಬಿಡುತ್ತೇನೆ. ಎಲ್ಲ ಪದ ಹಾಗೇ ಇಡುತ್ತೇನೆ ಎಂದು ಹೊರಟು ಮಹರ್‌ನ, ಅಂದರೆ ಮದುವೆಯಲ್ಲಿ ಗಂಡು ಹೆಣ್ಣಿಗೆ ಕೊಡಬೇಕಾದದ್ದರ, ಅಧ್ಯಾಯದಲ್ಲಿ ಮುಗ್ಗರಿಸಿದೆ. ‘ಮಹರ್’ ಉಳಿಸಿದ್ದು ಸರಿಯೇ. ‘ವಧುದಕ್ಷಿಣೆ’ ಎಂದರೆ ಕಣ್ಣು ಅದನ್ನು ವರದಕ್ಷಿಣೆ ಎಂದೇ ಓದುತ್ತದೆ. ಆದರೆ ಮಹರ್‌ನಲ್ಲಿ ಎರಡು ಬಗೆ. ಕೂಡಲೇ ಕೊಡುವುದು ಒಂದು, ಮುಂದೆ ಕೊಡುವುದು ಇನ್ನೊಂದು. ಅರಬ್ಬಿಯಲ್ಲಿ ಒಂದನ್ನು ‘ಐನ್’ ಅಕ್ಷರದಿಂದ, ಇನ್ನೊಂದನ್ನು ‘ಹಮ್ಝಾ’ದಿಂದ ಬರೆಯುತ್ತಾರೆ. ಕನ್ನಡ ಲಿಪಿಗೆ ತಂದರೆ ಎರಡೂ ‘ಮುಅಜ್ಜಲ್’! ‘ಮುಅಜ್ಜಲ್ ಆದರೆ ಕೂಡಲೇ ಕೊಡಬೇಕು, ಮುಅಜ್ಜಲ್ ಆದರೆ ಅವಧಿ ಬಂದಾಗ ಕೊಡಬೇಕು’ ಎಂದು ನಾನೇ ಬರೆದು ನಾನೇ ಓದಿಕೊಂಡೆ. ಯಾವ ಅಡಿಟಿಪ್ಪಣಿಯೂ ಇದನ್ನು ಉಳಿಸಲಾರದು. ‘ಕೂಡಲೇ ಕೊಡುವ ಮಹರ್’, ‘ವಾಯಿದೆಯ ಮಹರ್’ ಎಂದು ಬಿಡಿಸಿ ಬರೆದೆ. ವಾಯಿದೆಯೂ ಅರಬ್ಬಿಯಿಂದಲೇ ಬಂದದ್ದು, ಆದರೆ ಅದಕ್ಕೆ ಟಿಪ್ಪಣಿ ಕೇಳುವವರು ಯಾರಿದ್ದಾರೆ?

ಹಾಗೆಂದು ಕನ್ನಡದಲ್ಲಿ ಇರುವ ಅರಬ್ಬಿ ಮೂಲದ ಪದಗಳನ್ನೆಲ್ಲ ನಂಬಬೇಡಿ. ‘ತಕ್ರಾರ್’ ಎಂದರೆ ಅರಬ್ಬಿಯಲ್ಲಿ ಮತ್ತೆ ಮತ್ತೆ ಮಾಡುವುದು. ನಮ್ಮ ತಕರಾರು ಬೇರೆಯೇ ಆಗಿದೆ.

ನಿಮ್ಮ ಝಕಾತ್, ಸದಕಾ ವಿಷಯ. ಝಕಾತ್‌ಗೆ ‘ದಾನ’ ಖಂಡಿತ ಬೇಡ. ಕೊಟ್ಟರೆ ಪುಣ್ಯ, ಕೊಡದಿದ್ದರೆ ಸಾಲವೇನಲ್ಲ, ಅದು ದಾನ. ಝಕಾತ್ ಕೊಡಲೇಬೇಕಾದದ್ದು. ನಿಗದಿತ ಮಿತಿ ದಾಟಿದ ಹಣ, ಚಿನ್ನ ಒಂದು ಚಾಂದ್ರ ವರ್ಷ ಕೈಯಲ್ಲಿದ್ದರೆ ನಲವತ್ತರಲ್ಲಿ ಒಂದು ಪಾಲು. ಪದ ಉಳಿಸಿ, ಒಂದು ಟಿಪ್ಪಣಿ ಹಾಕಿ. ಸದಕಾಗೆ ಹೆಚ್ಚಿನ ಕಡೆ ‘ದಾನ’ ನಡೆಯುತ್ತದೆ. ಆದರೆ ನಿಮ್ಮ ಪುಸ್ತಕ ಝಕಾತ್ ಪಡೆಯುವ ಎಂಟು ವರ್ಗಗಳ ಮಾತಿಗೆ ಬಂದರೆ ನಿಲ್ಲಿ. ಅದಕ್ಕೆ ಆಧಾರವಾದ 9ನೇ ಅಧ್ಯಾಯದ 60ನೇ ವಚನದಲ್ಲಿರುವ ಪದ ಝಕಾತ್ ಅಲ್ಲ, ‘ಸದಕಾತ್’. ಅಲ್ಲಿ ‘ದಾನ’ ಎಂದು ಬರೆದರೆ ನಿಮಗೂ ಒಂದು ಫೋನ್ ಬರುತ್ತದೆ.