ನಮ್ಮ ಓಣ್ಯಾಗ ಒಬ್ಬರ ಮನಿಯೊಳಗ ಅಜ್ಜಾರ ಫೋಟೋದಿಂದ ವಿಭೂತಿ ಉದುರಾಕತ್ತೈತಿ, ಇದು ಪವಾಡನ? (ಹುಬ್ಬಳ್ಳಿ)

ಮೊದಲು ಚೌಕಟ್ಟು ನೋಡಿ. ಅಲ್ಯೂಮಿನಿಯಂ ಆಗಿದ್ದರೆ ಅನುಮಾನಕ್ಕೆ ಕಾರಣವಿದೆ. ಆ ಲೋಹವನ್ನು ಗಾಳಿಯಿಂದ ಕಾಯುವುದು ಮೇಲಿನ ತೆಳು ಆಕ್ಸೈಡ್ ಪದರ. ಅದಕ್ಕೆ ಪಾದರಸದ ಲವಣವಾದ ಮರ್ಕ್ಯುರಿಕ್ ಕ್ಲೋರೈಡ್ ದ್ರಾವಣ ಸವರಿದರೆ ಪಾದರಸ ಬೇರ್ಪಟ್ಟು ಲೋಹದಲ್ಲಿ ಬೆರೆಯುತ್ತದೆ. ಆಮೇಲೆ ಹೊಸ ಪದರ ಅಂಟಿ ನಿಲ್ಲುವುದಿಲ್ಲ. ತೇವದ ಗಾಳಿ ತಗುಲಿದಂತೆ ಬೂದುಬಿಳಿ ಪುಡಿಯಾಗಿ ಬೆಳೆದು ಉದುರುತ್ತದೆ. ಪುಡಿ ಒರೆಸಿದರೆ ಅಡಿಯಲ್ಲಿ ಲೋಹ ಸವೆದಿರುವುದು ಕಾಣುತ್ತದೆ.

ಅದಕ್ಕೇ ಸಂದೇಹಿಗಳು ಕೇಳುವುದು: ಅದೇ ಫೋಟೋವನ್ನು ಕಟ್ಟಿಗೆ ಚೌಕಟ್ಟಿಗೆ ಹಾಕಿ, ಗಾಜಿನ ಪೆಟ್ಟಿಗೆಯಲ್ಲಿ ಸೀಲ್ ಮಾಡಿ ಇಟ್ಟರೂ ಉದುರುತ್ತದೆಯೇ?

ಲಿಂಗಾಯತ ಭಕ್ತರಿಗೆ ವಿಭೂತಿ ಅಷ್ಟಾವರಣಗಳಲ್ಲಿ ಒಂದು. ಉದುರಿದ್ದು ಗುರು ಮನೆಯಲ್ಲಿದ್ದಾರೆಂಬ ಗುರುತು. ಆ ಭಕ್ತಿಯನ್ನು ಈ ಪರೀಕ್ಷೆ ಅಳೆಯುವುದಿಲ್ಲ, ಪುಡಿಯ ಮೂಲವನ್ನಷ್ಟೇ ಹೇಳುತ್ತದೆ. ಆದರೆ ಪಾದರಸದ ಲವಣ ವಿಷ. ಪರೀಕ್ಷೆಯಾಗುವವರೆಗೆ ಅದನ್ನು ಪ್ರಸಾದವೆಂದು ಬಾಯಿಗೆ ಹಾಕಬೇಡಿ, ಮಕ್ಕಳ ಹಣೆಗೂ ಹಚ್ಚಬೇಡಿ.