ಅಡ್ವಾನ್ಸ್ ಕೈಗೆ ಬರುವ ಮೊದಲೇ ಕೇಳಿ

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಮೇಲಿನ ಮನೆಯನ್ನು ಬಾಡಿಗೆಗೆ ಕೊಡುತ್ತಿದ್ದೇವೆ. ಕಲಬುರಗಿ ಕಡೆಯ ಗಂಡ ಹೆಂಡತಿ ಬಂದು ನೋಡಿ ಒಪ್ಪಿದ್ದಾರೆ, ಬಹಳ ಸಭ್ಯರು. ಅವರ ಹತ್ತಿರ ಆಧಾರ್ ಪ್ರತಿ, ಪೊಲೀಸ್ ಫಾರಂ ಎಂದೆಲ್ಲ ಕೇಳಲು ಸಂಕೋಚವಾಗುತ್ತದೆ. ನಮ್ಮ ಮೇಲೆ ಅನುಮಾನವೇ ಎಂದುಕೊಂಡರೆ? ಬೇಸರವಾಗದಂತೆ ಹೇಗೆ ಕೇಳುವುದು?

ಉತ್ತರ: ಸೇವೆಯಲ್ಲಿದ್ದಾಗ ಈ ‘ಸಂಕೋಚ’ ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದರೆ ಆಗ ಅದನ್ನು ಹೇಳುತ್ತಿದ್ದವರು ಬಾಡಿಗೆದಾರ ರಾತ್ರೋರಾತ್ರಿ ಜಾಗ ಖಾಲಿ ಮಾಡಿದ ಮೇಲೆ ಠಾಣೆಗೆ ಬಂದ ಮಾಲೀಕರು. ಹೆಸರೇನು ಎಂದರೆ ಅರ್ಧ ಹೆಸರು. ಊರು ಯಾವುದು ಎಂದರೆ ‘ಆ ಕಡೆ’. ಕೊನೆಗೆ ಮೊಬೈಲ್ ತೆಗೆದು ‘ಫಸ್ಟ್ ಫ್ಲೋರ್’ ಎಂದು ಉಳಿಸಿಕೊಂಡ ಸಂಖ್ಯೆಯನ್ನು ತೋರಿಸುತ್ತಿದ್ದರು. ಅದು ಆಗಲೇ ಸ್ವಿಚ್ ಆಫ್ ಆಗಿರುತ್ತಿತ್ತು.

ದಾಖಲೆ ಕೇಳಿದ್ದಕ್ಕೇ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬ್ಯಾಂಕಿನಲ್ಲಿ, ಸಿಮ್ ಅಂಗಡಿಯಲ್ಲಿ ಕೊಟ್ಟು ಅಭ್ಯಾಸವಾದವರೇ ಎಲ್ಲರೂ. ಬೇಸರ ಬರುವುದು ಕೇಳುವ ಹೊತ್ತು ತಪ್ಪಿದಾಗ. ಅಡ್ವಾನ್ಸ್ ಎಣಿಸಿಕೊಂಡು, ಅವರ ಬೀರು ಮೆಟ್ಟಿಲು ಹತ್ತಿದ ಮೇಲೆ ‘ಅಂದ ಹಾಗೆ ಪೊಲೀಸ್ ಫಾರಂ ಒಂದಿದೆ’ ಎಂದರೆ, ನಡುವೆ ಯಾರೋ ಏನೋ ಚಾಡಿ ಹೇಳಿದ್ದಾರೆ ಎಂದೇ ಅವರಿಗೆ ಅನಿಸುತ್ತದೆ. ಬಾಡಿಗೆ ಎಷ್ಟು, ನೀರಿಗೆ ಎಷ್ಟು, ಗಾಡಿ ಎಲ್ಲಿ ನಿಲ್ಲಿಸುವುದು ಎಂಬ ಮಾತಿನ ಜೊತೆಗೇ ಇದೂ ಬಂದುಬಿಡಬೇಕು. ಇನ್ನೊಂದು, ಎಲ್ಲರನ್ನೂ ಕೇಳಬೇಕು. ಹಿಂದೆ ಇದ್ದ ಮಂಡ್ಯದವರನ್ನು ಏನೂ ಕೇಳದೆ ಕಲಬುರಗಿಯವರನ್ನು ಮಾತ್ರ ಕೇಳಿದರೆ ಅದು ಅನುಮಾನವೇ. ಅವರು ಬೇಸರ ಮಾಡಿಕೊಂಡರೆ ತಪ್ಪು ಅವರದಲ್ಲ.

ಎದುರು ನಿಂತು ಹೇಳಲು ಬಾಯಿ ಬಾರದಿದ್ದರೆ ಹೀಗೆ ಬರೆದು ಕಳುಹಿಸಿ:

“ನಮಸ್ಕಾರ. ಮನೆ ನಿಮಗೆ ಒಪ್ಪಿಗೆಯಾಗಿದ್ದು ಸಂತೋಷ. ಅಡ್ವಾನ್ಸ್ ಕೊಡುವ ಮೊದಲು ಒಂದು ವಿಷಯ ತಿಳಿಸಬೇಕು. ನಮ್ಮಲ್ಲಿಗೆ ಬರುವ ಎಲ್ಲ ಬಾಡಿಗೆದಾರರ ವಿವರವನ್ನೂ ನಾವು ಠಾಣೆಗೆ ಕೊಡುತ್ತೇವೆ. ಅದಕ್ಕೆ ನಿಮ್ಮಿಬ್ಬರ ತಲಾ ಒಂದು ಗುರುತಿನ ಚೀಟಿಯ ಪ್ರತಿ, ತಲಾ ಒಂದು ಫೋಟೊ, ಊರಿನ ವಿಳಾಸ ಮತ್ತು ಕೆಲಸದ ಸ್ಥಳದ ವಿವರ ಬೇಕಾಗುತ್ತದೆ. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ನಮಗೆ ಸಾಕು, ಬೇರೆ ಗುರುತಿನ ಚೀಟಿಯಾದರೂ ಆಗುತ್ತದೆ. ಠಾಣೆಗೆ ಮತ್ತು ನಮ್ಮ ಕಡತಕ್ಕೆ ಬಿಟ್ಟರೆ ಇವನ್ನು ಬೇರೆ ಯಾರಿಗೂ ಕೊಡುವುದಿಲ್ಲ. ನಮ್ಮ ಗುರುತಿನ ಚೀಟಿ ಮತ್ತು ಮನೆ ಕಂದಾಯದ ರಸೀದಿಯನ್ನು ನೀವೂ ನೋಡಬಹುದು. ನಿಮಗೆ ಅನುಕೂಲವಾದ ದಿನ ಬನ್ನಿ, ಕುಳಿತು ಫಾರಂ ತುಂಬೋಣ.”

ಕೊನೆಯಲ್ಲಿರುವ ಕಂದಾಯದ ರಸೀದಿಯ ಮಾತನ್ನು ಬಿಡಬೇಡಿ. ಬೇರೆಯವರ ಮನೆಯನ್ನು ತನ್ನದೆಂದು ತೋರಿಸಿ ಅಡ್ವಾನ್ಸ್ ನುಂಗಿದವರೂ ಈ ನಗರದಲ್ಲಿ ಇದ್ದಾರೆ, ಹಾಗಾಗಿ ನಿಮ್ಮ ಬಗ್ಗೆ ತಿಳಿದುಕೊಳ್ಳುವ ಅಗತ್ಯ ಅವರಿಗೂ ಇದೆ. ವರ್ಷದ ಬಾಡಿಗೆ ಒಂದು ಲಕ್ಷ ರೂಪಾಯಿ ದಾಟಿದರೆ, ಸಂಬಳದವರು ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿ ಪಡೆಯಲು ನಿಮ್ಮ ಪ್ಯಾನ್ ಸಂಖ್ಯೆ ಕೇಳುತ್ತಾರೆ. ಆಗ ‘ನಮ್ಮ ಪ್ಯಾನ್ ಯಾಕೆ’ ಎಂದು ಹುಬ್ಬೇರಿಸುವ ಮಾಲೀಕರೇ ಬಾಡಿಗೆದಾರರ ಜಾತಕವನ್ನೆಲ್ಲ ಕೇಳುವವರು.

ಇನ್ನು ಆಧಾರ್ ವಿಷಯ. ಖಾಸಗಿಯವರು ಆಧಾರ್ ಕೊಡಲೇಬೇಕೆಂದು ಹಟ ಹಿಡಿಯುವಂತಿಲ್ಲ. 2018ರ ಸೆಪ್ಟೆಂಬರ್ 26ರ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಖಾಸಗಿ ಬಳಕೆಗೆ ಒತ್ತಾಯದ ದಾರಿ ಮುಚ್ಚಿದೆ. ಆದ್ದರಿಂದ ‘ಆಧಾರ್ ಕೊಡುವುದಿಲ್ಲ, ಚಾಲನಾ ಪರವಾನಗಿ ಕೊಡುತ್ತೇನೆ’ ಎನ್ನುವವರನ್ನು ಕಳ್ಳರಂತೆ ನೋಡಬೇಡಿ, ಅವರು ತಿಳಿದವರು. ಯಾವ ಗುರುತಿನ ಚೀಟಿಯನ್ನೂ ತೋರಿಸುವುದಿಲ್ಲ, ಊರಿನ ವಿಳಾಸವನ್ನೂ ಹೇಳುವುದಿಲ್ಲ ಎನ್ನುವವರಾದರೆ ‘ಕ್ಷಮಿಸಿ, ನಮಗೆ ಹೊಂದುವುದಿಲ್ಲ’ ಎಂದು ಅಲ್ಲಿಗೇ ನಿಲ್ಲಿಸಿ. ವಾದ ಬೇಡ.

ಪ್ರತಿಯನ್ನು ತೆಗೆದುಕೊಳ್ಳುವಾಗ ಮೂಲ ಚೀಟಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ ವಾಪಸು ಕೊಡಿ. ಫೋಟೊ, ಹೆಸರು, ಹುಟ್ಟಿದ ವರ್ಷ ಎದುರಿಗಿರುವವರಿಗೆ ಹೊಂದುತ್ತವೆಯೇ ಎಂದು ನೋಡಿದರೆ ಸಾಕು. ಆಮೇಲೆ ಪ್ರತಿಯ ಖಾಲಿ ಜಾಗದಲ್ಲಿ ‘ವಿಜಯನಗರದ ಮನೆಯ ಬಾಡಿಗೆ ಮಾಹಿತಿಗಾಗಿ ಮಾತ್ರ’ ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಲು ಅವರಿಗೇ ಹೇಳಿ. ನೀವಾಗಿಯೇ ಇದನ್ನು ಸೂಚಿಸಿದರೆ ಅವರ ಮುಖದಲ್ಲಿದ್ದ ಬಿಗಿ ಅರ್ಧ ಸಡಿಲವಾಗುತ್ತದೆ. ತಮ್ಮ ಪ್ರತಿಯನ್ನು ಇಟ್ಟುಕೊಂಡು ಬೇರೆ ಯಾರೋ ಸಾಲ ಎತ್ತಿಯಾರು ಎಂಬ ಭಯ ಈಗ ಎಲ್ಲರಿಗೂ ಇದೆ.

ಫಾರಂ ತುಂಬುವಾಗ ಎಡವುವುದು ಒಂದೇ ಕಡೆ, ಖಾಯಂ ವಿಳಾಸದ ಕಲಂನಲ್ಲಿ. ಬಹುತೇಕರು ಗುರುತಿನ ಚೀಟಿಯಲ್ಲಿ ಇದ್ದುದನ್ನೇ ಇಳಿಸುತ್ತಾರೆ. ಆದರೆ ನಗರಕ್ಕೆ ಬಂದು ಕೆಲವು ವರ್ಷ ಕಳೆದವರ ಆಧಾರ್‌ನಲ್ಲಿರುವುದು ಅನೇಕ ಸಲ ಹಿಂದಿನ ಬಾಡಿಗೆ ಮನೆಯ ವಿಳಾಸ. ನಿಮ್ಮ ಕಲಬುರಗಿಯ ದಂಪತಿಯನ್ನೇ ತೆಗೆದುಕೊಳ್ಳಿ. ಅವರ ಚೀಟಿಯಲ್ಲಿ ಮಾರತ್ತಹಳ್ಳಿಯ ಯಾವುದೋ ಅಡ್ಡರಸ್ತೆ ಇದೆ ಎನ್ನಿ. ಅದನ್ನೇ ಖಾಯಂ ಎಂದು ಬರೆದರೆ ಆ ಫಾರಂ ರದ್ದಿ ಕಾಗದ, ಏಕೆಂದರೆ ಅಲ್ಲಿ ಈಗ ಅವರನ್ನು ಬಲ್ಲವರು ಯಾರೂ ಇಲ್ಲ. ಬೇಕಾದದ್ದು ಊರು, ಅಂಚೆ, ತಾಲ್ಲೂಕು, ಜಿಲ್ಲೆ ಮತ್ತು ಆ ಊರು ಯಾವ ಠಾಣೆಗೆ ಸೇರುತ್ತದೆ ಎಂಬುದು. ಜೇವರ್ಗಿ ತಾಲ್ಲೂಕಿನ ಹಳ್ಳಿಯಾದರೆ ಅದನ್ನು ಪೂರ್ತಿ ಬರೆಯಿಸಿ, ಅಲ್ಲಿನ ಮನೆಯ ಹಿರಿಯರೊಬ್ಬರ ಫೋನ್ ಸಂಖ್ಯೆಯನ್ನೂ ತೆಗೆದುಕೊಳ್ಳಿ. ಮಾರತ್ತಹಳ್ಳಿಯ ವಿಳಾಸವೂ ವ್ಯರ್ಥವಲ್ಲ, ಅದು ‘ಹಿಂದಿನ ವಿಳಾಸ’ದ ಕಲಂಗೆ ಹೋಗಲಿ. ಅವರಿಗೆ ಹೇಳಿಯೇ ಹಿಂದಿನ ಮಾಲೀಕರಿಗೆ ಒಂದು ಕರೆ ಮಾಡಿ, ಬಾಡಿಗೆ ಸರಿಯಾಗಿ ಬರುತ್ತಿತ್ತೇ, ಏಕೆ ಬಿಟ್ಟರು ಎಂದು ಕೇಳಿ. ಐದು ನಿಮಿಷದ ಆ ಕರೆಯಿಂದ ತಿಳಿಯುವುದು ಯಾವ ಫಾರಂನಿಂದಲೂ ತಿಳಿಯುವುದಿಲ್ಲ.

ಫಾರಂ ಕೊಡಬೇಕಾದದ್ದು ಬಾಡಿಗೆಯ ಮನೆ ಯಾವ ಠಾಣೆಯ ವ್ಯಾಪ್ತಿಯಲ್ಲಿದೆಯೋ ಅಲ್ಲಿ. ಕಾಗದದಲ್ಲಿ ಕೊಡುವುದೋ ಆನ್‌ಲೈನ್‌ನಲ್ಲಿ ತುಂಬುವುದೋ ಎಂಬುದು ಊರಿಂದ ಊರಿಗೆ ಬೇರೆಯಾಗುತ್ತದೆ, ಮೊದಲೇ ಕೇಳಿಕೊಳ್ಳಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಠಾಣೆಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಬನ್ನಿ. ರೈಟರ್ ಕೆಲಸದಲ್ಲಿ ಮುಳುಗಿ ‘ಇಟ್ಟು ಹೋಗಿ’ ಎನ್ನಬಹುದು. ಇಟ್ಟು ಬರಬೇಡಿ, ಬೆಂಚಿನ ಮೇಲೆ ಕುಳಿತುಕೊಳ್ಳಿ. ಮುಂದೆ ಯಾವತ್ತಾದರೂ ಮಾತು ಬಂದರೆ ನಿಮ್ಮ ಪರವಾಗಿ ನಿಲ್ಲುವುದು ಆ ಮೊಹರು ಮಾತ್ರ.

ಕೊಟ್ಟ ಮಾತ್ರಕ್ಕೆ ಪೊಲೀಸರು ಅವರಿಗೆ ಒಳ್ಳೆಯ ನಡತೆಯ ಪ್ರಮಾಣಪತ್ರ ಕೊಟ್ಟರೆಂದು ತಿಳಿಯಬೇಡಿ. ಪರಿಶೀಲನೆ ನಡೆದರೂ ನೋಡುವುದು ದಾಖಲಾದ ಪ್ರಕರಣಗಳನ್ನು. ಬಾಡಿಗೆ ಬಾಕಿ ಉಳಿಸುವವರು, ರಾತ್ರಿ ಹನ್ನೆರಡಕ್ಕೆ ಪೀಠೋಪಕರಣ ಎಳೆದಾಡುವವರು ಯಾವ ಠಾಣೆಯ ದಾಖಲೆಯಲ್ಲೂ ಇರುವುದಿಲ್ಲ. ಮುಂದೆ ಅವರ ಜೊತೆ ತಮ್ಮನೋ ಸ್ನೇಹಿತನೋ ಬಂದು ಉಳಿದುಕೊಂಡರೆ ಆ ವಿವರವನ್ನೂ ಸೇರಿಸಿ. ಮನೆ ಬಿಟ್ಟಾಗ ಠಾಣೆಗೆ ತಿಳಿಸಿ, ಲೆಕ್ಕವೆಲ್ಲ ಚುಕ್ತಾ ಆದ ಮೇಲೆ ನಿಮ್ಮ ಬಳಿಯ ಗುರುತಿನ ಪ್ರತಿಗಳನ್ನು ಹರಿದುಹಾಕಿ. ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದ ಚಿತ್ರಗಳನ್ನು ಅಳಿಸುವುದನ್ನು ಮರೆಯಬೇಡಿ. ಮೊಹರು ಬಿದ್ದ ಪ್ರತಿ ಮಾತ್ರ ಇರಲಿ.

ಪ್ರಶ್ನೆ: ಈ ಪೊಲೀಸ್ ಫಾರಂ ಕಾನೂನಿನ ಪ್ರಕಾರ ಕಡ್ಡಾಯವೇ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಒಬ್ಬೊಬ್ಬರು ಒಂದೊಂದು ಹೇಳಲು ಕಾರಣವಿದೆ. ದೆಹಲಿ, ಮುಂಬೈಯಂತಹ ನಗರಗಳಲ್ಲಿ ಇದನ್ನು ಕಡ್ಡಾಯ ಮಾಡುವುದು ಪೊಲೀಸರ ನಿಷೇಧಾಜ್ಞೆಯ ಮೂಲಕ. ಹಿಂದೆ 144ನೇ ಸೆಕ್ಷನ್ ಎನ್ನುತ್ತಿದ್ದೆವಲ್ಲ, 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. ಅಂತಹ ಆದೇಶದ ಆಯುಸ್ಸು ಸಾಮಾನ್ಯವಾಗಿ ಎರಡೇ ತಿಂಗಳು, ಮುಗಿದ ಮೇಲೆ ಹೊಸದು ಹೊರಡಿಸುತ್ತಾರೆ. ಹಾಗಾಗಿ ಹಳೆಯ ಪತ್ರಿಕೆಯ ತುಣುಕನ್ನು ಹಿಡಿದು ವಾದ ಮಾಡಬೇಡಿ, ಈಗ ನಿಮ್ಮ ಊರಿನಲ್ಲಿ ಆದೇಶ ಜಾರಿಯಲ್ಲಿದೆಯೇ ಎಂದು ಠಾಣೆಯಲ್ಲಿ ಕೇಳಿ. ಜಾರಿಯಲ್ಲಿದ್ದಾಗ ಉಲ್ಲಂಘಿಸಿದರೆ ಭಾರತೀಯ ನ್ಯಾಯ ಸಂಹಿತೆಯ 223ನೇ ಸೆಕ್ಷನ್ ಪ್ರಕಾರ ಪ್ರಕರಣವಾಗಬಹುದು, ಅದೂ ಬಾಡಿಗೆದಾರರ ಮೇಲಲ್ಲ, ನಿಮ್ಮ ಮೇಲೆ. ಆದೇಶ ಇಲ್ಲದಿದ್ದರೂ ಕೊಡಿ ಎಂಬುದು ನನ್ನ ಸಲಹೆ.

ಪ್ರಶ್ನೆ: ಎರಡು ಸಾವಿರ ಕೊಟ್ಟರೆ ‘ವೆರಿಫಿಕೇಶನ್’ ಮಾಡಿಸಿಕೊಡುತ್ತೇನೆ, ನೀವು ಠಾಣೆಗೆ ಹೋಗುವುದೇ ಬೇಡ ಎಂದು ಬ್ರೋಕರ್ ಹೇಳುತ್ತಾನೆ. ಕೊಡಲೇ?

ಉತ್ತರ: ಬೇಡ. ಇಂಥವರು ತಂದುಕೊಡುವ ‘ಕ್ಲಿಯರೆನ್ಸ್’ ಪತ್ರಗಳನ್ನು ನೋಡಿದ್ದೇನೆ, ಠಾಣೆಯ ಹೆಸರಿನ ಕಾಗುಣಿತವೇ ತಪ್ಪಿತ್ತು. ನಿಮ್ಮ ಹಣದ ಜೊತೆಗೆ ಬಾಡಿಗೆದಾರರ ಗುರುತಿನ ಚೀಟಿಯ ಪ್ರತಿಯನ್ನೂ ಅವನ ಕೈಗೆ ಕೊಡುತ್ತಿದ್ದೀರಿ ಎಂಬುದು ನೆನಪಿರಲಿ. ಅದನ್ನು ಕೊಡುವ ಹಕ್ಕು ನಿಮಗಿಲ್ಲ.

ಪ್ರಶ್ನೆ: ಭದ್ರತೆಗಾಗಿ ಬಾಡಿಗೆದಾರರ ಪಾಸ್‌ಪೋರ್ಟನ್ನೇ ನಮ್ಮ ಬಳಿ ಇಟ್ಟುಕೊಳ್ಳಬಹುದೇ?

ಉತ್ತರ: ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸ್ವತ್ತು. ಇಂದೇ ವಾಪಸು ಕೊಡಿ.

ಪ್ರಶ್ನೆ: ಮದುವೆಯ ಪ್ರಮಾಣಪತ್ರ ಕೇಳಿದರೆ ತಪ್ಪೇನು?

ಉತ್ತರ: ನಾನು ಕಂಡ ಯಾವ ಫಾರಂನಲ್ಲೂ ಅದರ ಕಲಂ ಇರಲಿಲ್ಲ. ನಿಮ್ಮ ಕುತೂಹಲವನ್ನು ಪೊಲೀಸರ ಲೆಕ್ಕಕ್ಕೆ ಬರೆಯಬೇಡಿ.

ಪ್ರಶ್ನೆ: ಮೈಸೂರಿನಲ್ಲಿ ಓದುವ ವಿದೇಶಿ ವಿದ್ಯಾರ್ಥಿಗೆ ಕೋಣೆ ಕೊಡುತ್ತಿದ್ದೇವೆ. ಇದೇ ಫಾರಂ ಸಾಕೇ?

ಉತ್ತರ: ಸಾಲದು. ವಿದೇಶಿಯರು ಬಂದು ಉಳಿದ 24 ಗಂಟೆಯೊಳಗೆ ಮನೆ ಕೊಟ್ಟವರೇ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್ ಮೂಲಕ ತಿಳಿಸಬೇಕು. ಸಿ ಫಾರಂ ಎಂದು ಎಲ್ಲರೂ ಕರೆಯುತ್ತಿದ್ದುದು ಇದನ್ನೇ. ಇಲ್ಲಿ ಸಂಕೋಚ, ನಾಳೆ ನೋಡೋಣ ಎಂಬುದೆಲ್ಲ ನಡೆಯುವುದಿಲ್ಲ. ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಯನ್ನು ಅವರು ಬರುವ ಮೊದಲೇ ತರಿಸಿಕೊಳ್ಳಿ.

ಪ್ರಶ್ನೆ: ಮನೆಯ ಜಾಹೀರಾತು ನೋಡಿ ಸೈನ್ಯದ ಅಧಿಕಾರಿಯೊಬ್ಬರು ಕರೆ ಮಾಡಿದ್ದರು. ಗುರುತಿನ ಚೀಟಿ, ಸಮವಸ್ತ್ರದ ಫೋಟೊ ಎಲ್ಲವನ್ನೂ ಕೇಳದೆಯೇ ಕಳುಹಿಸಿದ್ದಾರೆ. ಮನೆ ನೋಡದೆ ಅಡ್ವಾನ್ಸ್ ಕೊಡುತ್ತಾರಂತೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎನ್ನುತ್ತಿದ್ದಾರೆ.

ಉತ್ತರ: ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಆ ಗುರುತಿನ ಚೀಟಿಯಲ್ಲಿರುವುದು ಯಾರೋ ಬಡಪಾಯಿ ಯೋಧನ ಫೋಟೊ ಇರಬಹುದು. ಈಗಾಗಲೇ ಹಣ ಹೋಗಿದ್ದರೆ ಇದನ್ನು ಓದುತ್ತಾ ಕೂರಬೇಡಿ, 1930ಕ್ಕೆ ಕರೆ ಮಾಡಿ.